ಬಗ್ಗಬೇಡಿ ಅಂತ ಒಬ್ರು, ತೂಕ ಎತ್ತಿ ಅಂತ ಇನ್ನೊಬ್ರು: ಮೂಳೆ ಸವೆದಿದೆ ಅಂತ ಗೊತ್ತಾದ ಮೇಲೆ ಬೆನ್ನಿಗೆ ಯಾವುದು ಸರಿ?

2025ರ ಜನವರಿಯಲ್ಲಿ ಅಮೆರಿಕದ ಪ್ರಿವೆಂಟಿವ್ ಸರ್ವೀಸಸ್ ಟಾಸ್ಕ್ ಫೋರ್ಸ್ ತನ್ನ ಸಲಹೆನ ಹೊಸದಾಗಿ ಹೊರಡಿಸ್ತು: 65 ದಾಟಿದ ಎಲ್ಲಾ ಹೆಂಗಸರಿಗೂ ಮೂಳೆ ಸಾಂದ್ರತೆ ಟೆಸ್ಟ್ ಆಗ್ಬೇಕು, ಮುಟ್ಟು ನಿಂತಿದ್ದು ಇನ್ನೂ 65 ಆಗದೇ ಇರೋರಲ್ಲಿ ರಿಸ್ಕ್ ಜಾಸ್ತಿ ಇದ್ರೆ ಅವರಿಗೂ ಆಗ್ಬೇಕು ಅಂತ. ಇಂಥ ಸುದ್ದಿ ಬಂದಾಗೆಲ್ಲ ಅದರ ಹಿಂದೆನೇ ಫೋನಲ್ಲಿ ಎರಡು ಥರದ ವಿಡಿಯೋ ಬರುತ್ತೆ. ಒಂದ್ರಲ್ಲಿ ಅರವತ್ತೈದು ವರ್ಷದ ಹೆಂಗಸು ಜಿಮ್ಮಲ್ಲಿ ಬಾರ್‌ಬೆಲ್ ಎತ್ತುತ್ತಾ ಇರ್ತಾರೆ, ಮೆನೋಪಾಸ್ ಆದ್ಮೇಲೆ ಭಾರ ಎತ್ತದೇ ಇದ್ರೆ ಮೂಳೆ ಉಳಿಯಲ್ಲ ಅಂತ ಕೆಳಗೆ ಬರ್ದಿರುತ್ತೆ. ಇನ್ನೊಂದ್ರಲ್ಲಿ ಡಾಕ್ಟರೇ ಕೂತ್ಕೊಂಡು, ಮೂಳೆ ಸವೆದೋರು ಮುಂದಕ್ಕೆ ಬಗ್ಗಲೇಬಾರದು, ಭಾರ ಎತ್ತಬಾರದು ಅಂತ ಹೇಳ್ತಾ ಇರ್ತಾರೆ. ಬೆಂಗಳೂರಲ್ಲಿ ಮೂಳೆ ಸಾಂದ್ರತೆ ಅಳೆಯೋ ಡೆಕ್ಸಾ ಸ್ಕ್ಯಾನ್ ರಿಪೋರ್ಟ್ ಕೈಲಿ ಹಿಡ್ಕೊಂಡು ಮನೆಗೆ ಬಂದ ಹೆಂಗಸಿಗೆ ಇವೆರಡ್ರಲ್ಲಿ ಯಾವುದನ್ನ ನಂಬಬೇಕು ಅನ್ನೋದು ನಿಜವಾದ ಗೊಂದಲ, ಯಾಕಂದ್ರೆ ಎರಡೂ ಕಡೆಯೋರು ಸುಳ್ಳು ಹೇಳ್ತಿಲ್ಲ.

ಎರಡು ಸಲಹೆಗೂ ಹಿಂದೆ ಒಂದೇ ಕಾರಣ ಇದೆ. ಬೆನ್ನು ನೇರವಾಗಿದ್ದಾಗ ಬೀಳೋ ಭಾರ ಮೂಳೆನ ಗಟ್ಟಿ ಮಾಡುತ್ತೆ, ಬೆನ್ನು ಬಿಲ್ಲಿನ ಥರ ಬಾಗಿದ್ದಾಗ ಬೀಳೋ ಅದೇ ಭಾರ ಮೂಳೆನ ಮುರಿಯುತ್ತೆ. ಅದು ಹೇಗೆ ಅನ್ನೋದನ್ನ ನಿಧಾನವಾಗಿ ನೋಡೋಣ, ಅದಕ್ಕೆ ಮೊದಲು ರಿಪೋರ್ಟ್‌ ಓದೋದ್ರಲ್ಲೇ ಆಗೋ ತಪ್ಪುಗಳನ್ನ ನೋಡ್ಬೇಕು.

ರಿಪೋರ್ಟಲ್ಲಿರೋ ಮೈನಸ್ ನಂಬರ್

ಡೆಕ್ಸಾ ಅಂದ್ರೆ ತುಂಬಾ ಕಡಿಮೆ ಎಕ್ಸ್‌ರೇ ಬಳಸಿ ಸೊಂಟದ ಭಾಗದ ಬೆನ್ನುಮೂಳೆ ಮತ್ತೆ ತೊಡೆ ಮೂಳೆಯ ಮೇಲ್ತುದಿಯಲ್ಲಿ ಎಷ್ಟು ಖನಿಜ ಇದೆ ಅಂತ ಅಳೆಯೋ ಸ್ಕ್ಯಾನ್. ಅದ್ರಲ್ಲಿ ಬರೋ ಟಿ ಸ್ಕೋರ್ ನಿಮ್ಮ ಮೂಳೆನ ಆರೋಗ್ಯವಾಗಿರೋ ಯುವತಿಯರ ಸರಾಸರಿ ಜೊತೆ ಹೋಲಿಸುತ್ತೆ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆ ಇವತ್ತಿಗೂ ಅದೇ: ಮೈನಸ್ 1ರವರೆಗೆ ನಾರ್ಮಲ್, ಮೈನಸ್ 1ರಿಂದ ಮೈನಸ್ 2.5ರ ಮಧ್ಯ ಇದ್ರೆ ಆಸ್ಟಿಯೊಪೀನಿಯಾ ಅಂದ್ರೆ ಸವೆತದ ಮೊದಲ ಹಂತ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಆಸ್ಟಿಯೊಪೊರೋಸಿಸ್ ಅಂದ್ರೆ ಮೂಳೆ ಸವೆತದ ಕಾಯಿಲೆ. ಒಂದೊಂದು ಅಂಕ ಕೆಳಗಿಳಿದಾಗಲೂ ಮುರಿಯೋ ಅಪಾಯ ಹೆಚ್ಚುಕಮ್ಮಿ ಎರಡರಷ್ಟಾಗುತ್ತೆ.

ಅಪಾರ್ಟ್‌ಮೆಂಟಲ್ಲಿ, ಮೆಡಿಕಲ್ ಶಾಪ್ ಮುಂದೆ ನಡೆಯೋ ಫ್ರೀ ಕ್ಯಾಂಪಲ್ಲಿ ಹಿಮ್ಮಡಿ ಇಟ್ಟು ನೋಡೋ ಮೆಷಿನ್ ಬೇರೆ, ಅದು ಅಲ್ಟ್ರಾಸೌಂಡ್. ಅದರ ನಂಬರ್ ನೋಡಿ ಕಾಯಿಲೆ ಇದೆ ಅಂತಾನೂ ಹೇಳೋಕಾಗಲ್ಲ, ಇಲ್ಲ ಅಂತಾನೂ ಹೇಳೋಕಾಗಲ್ಲ, ಡೆಕ್ಸಾ ಮಾಡಿಸ್ಬೇಕಾ ಅನ್ನೋದಕ್ಕೆ ಒಂದು ಸೂಚನೆ ಅಷ್ಟೇ.

ಈಗ ಒಬ್ಬರನ್ನ ಕಲ್ಪಿಸ್ಕೊಳ್ಳೋಣ. ಬಸವನಗುಡಿಯಲ್ಲಿರೋ 62 ವರ್ಷದ ಗೃಹಿಣಿ, ಮುಟ್ಟು ನಿಂತಿದ್ದು 47ಕ್ಕೆ, ದಿನಾ ಬೆಳಿಗ್ಗೆ ಲಾಲ್‌ಬಾಗಲ್ಲಿ ವಾಕ್ ಮಾಡ್ತಾರೆ, ತೂಕ 58 ಕೆಜಿ, ಬೆನ್ನುನೋವು ಅಷ್ಟಾಗಿ ಇಲ್ಲ. ಡೆಕ್ಸಾದಲ್ಲಿ ಬೆನ್ನಿನ ಒಟ್ಟು ಟಿ ಸ್ಕೋರ್ ಮೈನಸ್ 2.4, ತೊಡೆ ಮೂಳೆಯ ಕತ್ತಿನ ಭಾಗದಲ್ಲಿ ಮೈನಸ್ 2.2. ರಿಪೋರ್ಟ್ ಕೊನೆಯಲ್ಲಿ ಆಸ್ಟಿಯೊಪೀನಿಯಾ ಅಂತ ಪ್ರಿಂಟ್ ಆಗಿದೆ, ಮನೆಯೋರೆಲ್ಲ ಸದ್ಯ ಕಾಯಿಲೆ ಇನ್ನೂ ಬಂದಿಲ್ಲ ಅಂತ ಸಮಾಧಾನ ಪಟ್ಕೊಂಡಿದ್ದಾರೆ.

ಆದ್ರೆ ಒಳಗಿನ ಟೇಬಲ್ ನೋಡಿದ್ರೆ ಒಂದೊಂದು ಮೂಳೆಗೂ ಬೇರೆ ಬೇರೆ ಅಂಕ ಇದೆ. ಸೊಂಟದ ಬೆನ್ನಿನ ಮೇಲಿನ ಮೂಳೆ ಎಲ್1ಕ್ಕೆ ಮೈನಸ್ 3.1, ಎಲ್2ಕ್ಕೆ ಮೈನಸ್ 2.9, ಎಲ್3ಕ್ಕೆ ಮೈನಸ್ 2.5, ಎಲ್4ಕ್ಕೆ ಮಾತ್ರ ಮೈನಸ್ 1.1. ಕೆಳಗಿನ ಒಂದು ಮೂಳೆ ಮಾತ್ರ ಅಷ್ಟು ಗಟ್ಟಿಯಾಗಿ ಇರೋಕೆ ಹೇಗೆ ಸಾಧ್ಯ? ಸಾಮಾನ್ಯವಾಗಿ ವಯಸ್ಸಾದ ಮೇಲೆ ಅಲ್ಲಿ ಸವೆತದಿಂದ ಮೂಳೆಯ ಅಂಚಲ್ಲಿ ಮುಳ್ಳಿನ ಥರ ಬೆಳೆದಿರುತ್ತೆ, ಮೆಷಿನ್ ಅದನ್ನೂ ಸೇರಿಸಿ ಲೆಕ್ಕ ಹಾಕುತ್ತೆ. ಪಕ್ಕದ ಮೂಳೆಗಿಂತ ಒಂದು ಅಂಕಕ್ಕಿಂತ ಜಾಸ್ತಿ ವ್ಯತ್ಯಾಸ ಇರೋ ಮೂಳೆನ ಲೆಕ್ಕದಿಂದ ಬಿಡಬೇಕು ಅನ್ನೋದು ಡೆಕ್ಸಾ ಓದೋರು ಪಾಲಿಸೋ ನಿಯಮ. ಎಲ್4 ಬಿಟ್ಟು ನೋಡಿದ್ರೆ ಇವರ ಸ್ಕೋರ್ ಹತ್ತಿರ ಹತ್ತಿರ ಮೈನಸ್ 2.8, ಅಂದ್ರೆ ಇದು ಆಸ್ಟಿಯೊಪೊರೋಸಿಸ್ಸೇ. ಒಂದೇ ಸ್ಕ್ಯಾನು, ಓದೋ ರೀತಿ ಬದಲಾಗಿದ್ದಕ್ಕೆ ಡಯಾಗ್ನೋಸಿಸ್ಸೇ ಬದಲಾಯ್ತು. ಅದಕ್ಕೇ ಕೊನೆಯ ಸಾಲು ಮಾತ್ರ ಓದಿ ಫೈಲ್ ಮುಚ್ಚಿಡಬೇಡಿ, ಒಂದೊಂದು ಮೂಳೆಯ ಅಂಕ ಏನಿದೆ ಅಂತ ಡಾಕ್ಟರ್ ಹತ್ರ ಕೇಳಿ.

ನೋವೇ ಇಲ್ಲದ ಫ್ರ್ಯಾಕ್ಚರ್

ಎಕ್ಸರ್ಸೈಸ್ ಶುರು ಮಾಡೋ ಮುಂಚೆ ಟಿ ಸ್ಕೋರ್‌ಗಿಂತ ಮುಖ್ಯವಾದ ಪ್ರಶ್ನೆ, ಬೆನ್ನುಮೂಳೆ ಈಗಾಗಲೇ ಎಲ್ಲಾದ್ರೂ ಕುಸಿದಿದ್ಯಾ ಅನ್ನೋದು. ಬೆನ್ನುಮೂಳೆಯ ಇಂಥ ಮುರಿತಗಳಲ್ಲಿ ಸುಮಾರು ಮೂರರಲ್ಲಿ ಎರಡು ಗೊತ್ತೇ ಆಗದೆ ಹೋಗುತ್ತೆ, ಏನೋ ಉಳುಕಿರಬೇಕು ಅಂತ ಎಣ್ಣೆ ಹಚ್ಚಿ ನಾಲ್ಕು ದಿನ ಮಲಗಿ ಎದ್ದಿರ್ತಾರೆ, ಇಲ್ಲಾ ನೋವೇ ಬಂದಿರಲ್ಲ.

ಇದನ್ನ ಪತ್ತೆ ಮಾಡೋಕೆ ಮನೇಲೇ ಇರೋ ಸಾಧನ ಎತ್ತರ. ವಯಸ್ಸಲ್ಲಿದ್ದಾಗಿನ ಎತ್ತರಕ್ಕಿಂತ 4 ಸೆಂಟಿಮೀಟರ್ ಅಥವಾ ಜಾಸ್ತಿ ಕಮ್ಮಿ ಆಗಿದ್ರೆ ಬೆನ್ನಿನ ಪಕ್ಕದಿಂದ ಒಂದು ಎಕ್ಸ್‌ರೇ ತೆಗೆಸ್ಲೇಬೇಕು. ನಮ್ಮ ಬಸವನಗುಡಿಯವರ ಹಳೇ ದಾಖಲೆಯಲ್ಲಿ 156 ಸೆಂಟಿಮೀಟರ್ ಅಂತಿತ್ತು, ಈಗ ಅಳೆದ್ರೆ ನೂರೈವತ್ತೊಂದೂವರೆ. ಎಕ್ಸ್‌ರೇಲಿ ಎದೆಯ ಬೆನ್ನಿನ ಕೊನೆಯ ಮೂಳೆ ಡಿ12ರ ಮುಂಭಾಗ ಹಿಂಭಾಗಕ್ಕಿಂತ ಇಪ್ಪತ್ತೆರಡು ಪರ್ಸೆಂಟ್‌ನಷ್ಟು ಗಿಡ್ಡ ಆಗಿದೆ. ಇಪ್ಪತ್ತರಿಂದ ಇಪ್ಪತ್ತೈದು ಪರ್ಸೆಂಟ್ ಅಂದ್ರೆ ಮೊದಲನೇ ಹಂತದ ಮುರಿತ, ಸಣ್ಣದು, ಹಳೇದು, ಆದ್ರೂ ಲೆಕ್ಕಕ್ಕೆ ಇದೆ. ದೊಡ್ಡ ಪೆಟ್ಟೇ ಬೀಳದೆ ಬೆನ್ನುಮೂಳೆ ಹೀಗೆ ಕುಸಿದಿದ್ರೆ ಟಿ ಸ್ಕೋರ್ ಎಷ್ಟೇ ಇರಲಿ ಅದನ್ನ ಆಸ್ಟಿಯೊಪೊರೋಸಿಸ್ ಅಂತಾನೇ ನೋಡ್ತಾರೆ, ಯಾಕಂದ್ರೆ ಒಂದು ಸಲ ಕುಸಿದ ಬೆನ್ನಲ್ಲಿ ಇನ್ನೊಂದು ಮೂಳೆ ಕುಸಿಯೋ ಸಾಧ್ಯತೆ ತುಂಬಾ ಏರುತ್ತೆ.

ಇದ್ರ ಜೊತೆ ಕ್ಯಾಲ್ಸಿಯಂ, ವಿಟಮಿನ್ ಡಿ, ಥೈರಾಯ್ಡ್, ಕಿಡ್ನಿ ಟೆಸ್ಟ್ ಬರೀತಾರೆ. ರಕ್ತಹೀನತೆ ಇದ್ದು ಬೆನ್ನುನೋವು ಬಿಡ್ತಾನೇ ಇಲ್ಲ ಅಂದ್ರೆ ಮೈಲೋಮಾ ಅನ್ನೋ ಮಜ್ಜೆಯ ಕ್ಯಾನ್ಸರ್ ಅಲ್ಲ ತಾನೇ ಅಂತಾನೂ ನೋಡ್ತಾರೆ, ಗಾಬರಿ ಆಗ್ಬೇಕಾಗಿಲ್ಲ, ಮೂಳೆ ಸವೆತಕ್ಕೆ ಮೆನೋಪಾಸ್ ಒಂದೇ ಕಾರಣಾನಾ ಬೇರೆ ಏನಾದ್ರೂ ಇದ್ಯಾ ಅಂತ ಖಾತ್ರಿ ಮಾಡ್ಕೊಳ್ಳೋದು ಅದು.

ಮುಂದಕ್ಕೆ ಬಾಗಿದಾಗ ಒಳಗೆ ಏನಾಗುತ್ತೆ

ಬಿಲ್ಡಿಂಗ್ ಕಟ್ಟೋವಾಗ ಸುತ್ತ ಹಾಕೋ ಸಾರ್ವೆ ನೋಡಿರ್ತೀರಿ, ಉದ್ದಕ್ಕೆ ನಿಂತ ಕಂಬಗಳು, ಅವನ್ನ ಅಲ್ಲಲ್ಲಿ ಹಿಡಿದಿರೋ ಅಡ್ಡ ಕಂಬಗಳು. ಬೆನ್ನುಮೂಳೆಯ ಒಳಗೂ ಇಂಥದ್ದೇ ಒಂದು ಜಾಲ ಇದೆ. ಮುಟ್ಟು ನಿಂತು ಈಸ್ಟ್ರೊಜನ್ ಇಳಿದ ಮೇಲೆ ಮೂಳೆ ಕಟ್ಟೋ ವೇಗಕ್ಕಿಂತ ಕರಗಿಸೋ ವೇಗ ಜಾಸ್ತಿ ಆಗುತ್ತೆ, ಆಗ ಮೊದಲು ಹೋಗೋದು ತೆಳ್ಳಗಿರೋ ಈ ಅಡ್ಡಗಳು. ಒಂದು ಅಡ್ಡ ಹೋಯ್ತು ಅಂದ್ರೆ ಕಂಬದ ಆಧಾರ ಇಲ್ಲದ ಉದ್ದ ಎರಡರಷ್ಟಾಗುತ್ತೆ, ಎರಡರಷ್ಟಾದ್ರೆ ಅದು ಬಾಗದೆ ತಡೆಯೋ ಶಕ್ತಿ ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತೆ, ಇದು ಯಾವ ಇಂಜಿನಿಯರ್ ಕೇಳಿದ್ರೂ ಹೇಳೋ ಲೆಕ್ಕ. ಅದಕ್ಕೇ ಡೆಕ್ಸಾದಲ್ಲಿ ಖನಿಜ ಸ್ವಲ್ಪ ಕಮ್ಮಿ ಆದಂಗೆ ಕಂಡ್ರೂ ಗಟ್ಟಿತನ ಅದಕ್ಕಿಂತ ಜಾಸ್ತಿ ಬಿದ್ದಿರುತ್ತೆ.

ಈಗ ಬಗ್ಗೋದರ ಲೆಕ್ಕ. ಬೆನ್ನಿನ ಹಿಂದಿರೋ ಸ್ನಾಯುಗಳು ಬೆನ್ನುಮೂಳೆಯಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿ ನಿಂತು ಎಳೀತವೆ. ನೀವು ಒದ್ದೆ ಬಟ್ಟೆ ತುಂಬಿದ 6 ಕೆಜಿ ಬಕೆಟ್‌ನ ದೇಹದಿಂದ 40 ಸೆಂಟಿಮೀಟರ್ ಮುಂದೆ ಹಿಡಿದ್ರೆ ತಕ್ಕಡಿಯ ಒಂದು ಕೈ ಇನ್ನೊಂದಕ್ಕಿಂತ ಎಂಟು ಪಟ್ಟು ಉದ್ದ ಇದ್ದಂಗೆ, ಬಕೆಟ್ ಒಂದಕ್ಕೇ ಸ್ನಾಯು 48 ಕೆಜಿಯಷ್ಟು ಎಳೀಬೇಕು. ಇದಲ್ದೆ ನಿಮ್ಮ ತಲೆ, ಕೈ, ಎದೆ ಭಾಗದ ತೂಕಾನೂ ಮುಂದಕ್ಕೆ ವಾಲಿದೆ. 58 ಕೆಜಿಯ ದೇಹದಲ್ಲಿ ಅದು ಅರ್ಧದಷ್ಟು, ಸುಮಾರು 30 ಕೆಜಿ, ಅದರ ಮಧ್ಯಬಿಂದು 20 ಸೆಂಟಿಮೀಟರ್ ಮುಂದೆ ಇದೆ ಅಂದ್ಕೊಂಡ್ರೆ ಇನ್ನೊಂದು 120 ಕೆಜಿ. ಸ್ನಾಯು ಎಳೆದಷ್ಟೂ ಮೂಳೆ ಮೇಲೆ ಒತ್ತಡ ಬೀಳುತ್ತೆ. ಇದು ಒರಟು ಲೆಕ್ಕ, ಆದ್ರೂ 6 ಕೆಜಿ ಬಕೆಟ್ ಎತ್ತೋದು ಬೆನ್ನಿಗೆ 6 ಕೆಜಿ ಅಲ್ಲ ಅನ್ನೋದು ಇದ್ರಿಂದ ಗೊತ್ತಾಗುತ್ತೆ.

ಇಲ್ಲಿ ಒಂದು ವಿಷಯ ಸರಿಯಾಗಿ ಹೇಳ್ಬೇಕು, ಯಾಕಂದ್ರೆ ತುಂಬಾ ಜನ ಇಲ್ಲೇ ತಪ್ಪು ಅರ್ಥ ಮಾಡ್ಕೊಳ್ತಾರೆ. ಬೆನ್ನು ನೇರ ಇಟ್ಕೊಂಡು ಸೊಂಟದ ಕೀಲಿಂದ ಬಗ್ಗಿದ್ರೂ ದೇಹ ಮುಂದಕ್ಕೆ ವಾಲೇ ವಾಲುತ್ತೆ, ಒತ್ತಡ ಮಾಯ ಆಗಲ್ಲ. ವ್ಯತ್ಯಾಸ ಇರೋದು ಅದು ಎಲ್ಲಿ ಬೀಳುತ್ತೆ ಅನ್ನೋದ್ರಲ್ಲಿ. ನೇರ ಬೆನ್ನಲ್ಲಿ ಆ ಒತ್ತಡ ಮೂಳೆಯ ಇಡೀ ಮೇಲ್ಮೈಗೆ ಹಂಚಿಹೋಗುತ್ತೆ. ಬೆನ್ನು ಗುಂಡಗೆ ಬಾಗಿದಾಗ ಎಲ್ಲಾ ಸೇರಿ ಮೂಳೆಯ ಮುಂದಿನ ಅಂಚಿನ ಮೇಲೆ ಕೂರುತ್ತೆ, ಅಲ್ಲೇ ಅಡ್ಡ ಕಂಬಗಳು ಹೋಗಿರೋದು, ಹಾಗಾಗಿ ಮುಂಭಾಗ ಕುಸಿದು ಮೂಳೆ ಬಾಗಿಲಿಗೆ ಕೊಡೋ ಮರದ ಬೆಣೆ ಥರ ಆಗುತ್ತೆ. ಎದೆಯ ಬೆನ್ನು ಮುಗಿದು ಸೊಂಟದ ಬೆನ್ನು ಶುರುವಾಗೋ ಡಿ12, ಎಲ್1 ಜಾಗದಲ್ಲಿ, ಆಮೇಲೆ ಎದೆಯ ಹಿಂದಿನ ಡಿ7, ಡಿ8 ಜಾಗದಲ್ಲಿ ಇದು ಜಾಸ್ತಿ. ಒಂದು ಮೂಳೆ ಬೆಣೆ ಆದ್ರೆ ಬೆನ್ನು ಶಾಶ್ವತವಾಗಿ ಇನ್ನಷ್ಟು ಮುಂದೆ ಬಾಗುತ್ತೆ, ಅದ್ರಿಂದ ಪಕ್ಕದ ಮೂಳೆಯ ಮುಂದಿನ ಅಂಚಿಗೆ ಇನ್ನಷ್ಟು ಭಾರ, ಗೂನು ಬೆಳೆಯೋದು ಹೀಗೆ ಒಂದ್ರಿಂದ ಒಂದು.

ಎಚ್ಚರಿಕೆಯ ಪಕ್ಷ

ಬಗ್ಗಬೇಡಿ ಅನ್ನೋ ಸಲಹೆಗೆ ದೊಡ್ಡ ಆಧಾರ ಮೇಯೋ ಕ್ಲಿನಿಕ್‌ನ ಡಾಕ್ಟರ್ ಮೆಹರ್ಷೀದ್ ಸಿನಾಕಿ 1984ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ. ಮೆನೋಪಾಸ್ ಆಗಿ ಬೆನ್ನುಮೂಳೆ ಸವೆದಿದ್ದ 59 ಹೆಂಗಸರು. ಬೆನ್ನನ್ನ ಹಿಂದಕ್ಕೆ ಎತ್ತೋ ವ್ಯಾಯಾಮ ಮಾತ್ರ ಮಾಡಿದೋರಲ್ಲಿ ಆಮೇಲೆ ಹೊಸ ಮುರಿತ ಕಂಡಿದ್ದು 16 ಪರ್ಸೆಂಟ್ ಜನಕ್ಕೆ. ಸಿಟ್-ಅಪ್ ಥರ ಮುಂದಕ್ಕೆ ಬಾಗೋ ವ್ಯಾಯಾಮ ಮಾಡಿದೋರಲ್ಲಿ 89 ಪರ್ಸೆಂಟ್. ಎರಡೂ ಮಾಡಿದೋರಲ್ಲಿ 53, ಏನೂ ಮಾಡದೇ ಇದ್ದೋರಲ್ಲಿ 67. ಅಂದ್ರೆ ಮುಂದಕ್ಕೆ ಬಾಗೋ ವ್ಯಾಯಾಮ ಮಾಡೋದಕ್ಕಿಂತ ಸುಮ್ನೆ ಕೂತಿದ್ದೋರೇ ವಾಸಿ ಅನ್ನೋ ಹಾಗಿತ್ತು ಫಲಿತಾಂಶ.

ಈ ಅಂಕಿಗಳನ್ನ ಹೇಳೋರು ಜೊತೆಗೆ ಹೇಳ್ದೆ ಬಿಡೋ ಮಾತು ಅಂದ್ರೆ, ಬಾಗೋ ಗುಂಪಲ್ಲಿ ಇದ್ದಿದ್ದು ಬರೀ 9 ಜನ, ಯಾರು ಯಾವ ಗುಂಪು ಅಂತ ಚೀಟಿ ಎತ್ತಿ ಹಂಚಿರಲಿಲ್ಲ. ಅಷ್ಟು ಸಣ್ಣ ಗುಂಪಿನ ಪರ್ಸೆಂಟೇಜ್‌ನ ಕಲ್ಲಲ್ಲಿ ಕೆತ್ತಿದ ಸತ್ಯ ಅನ್ಕೊಳ್ಳೋಕಾಗಲ್ಲ. ಆದ್ರೆ ದಿಕ್ಕು ಮೇಲೆ ಹೇಳಿದ ಬೆಣೆಯ ಲೆಕ್ಕಕ್ಕೆ ಸರಿಯಾಗಿ ಕೂರುತ್ತೆ, ಮತ್ತೆ ಇಂಥ ಪ್ರಯೋಗ ಈಗ ಮಾಡೋಕೆ ಯಾವ ಎಥಿಕ್ಸ್ ಕಮಿಟಿನೂ ಒಪ್ಪೋದು ಕಷ್ಟ. ಇದೇ ಸಿನಾಕಿ 2013ರಲ್ಲಿ ಯೋಗದಲ್ಲಿ ತುಂಬಾ ಮುಂದೆ ಬಾಗೋ ಆಸನಗಳನ್ನ ಮಾಡಿದ ಮೇಲೆ ಬೆನ್ನುಮೂಳೆ ಮುರಿದ ಮೂರು ಜನರ ವಿವರ ಬರೆದ್ರು. ಮೂರೇ ಕೇಸು ನಿಜ, ಆದ್ರೆ ಮನೆಮನೇಲೂ ಯೋಗ ಮಾಡೋ ನಮ್ಮೂರಿಗೆ ಇದು ಗೊತ್ತಿರಬೇಕಾದ ಮಾತು.

ಭಾರ ಎತ್ತಿ ಅನ್ನೋ ಪಕ್ಷ

ಆ ಕಡೆ ಆಸ್ಟ್ರೇಲಿಯಾದ ಗ್ರಿಫಿತ್ ಯೂನಿವರ್ಸಿಟಿಯ ಲಿಫ್ಟ್‌ಮೋರ್ ಪ್ರಯೋಗ, 2018. ಮೂಳೆ ಸಾಂದ್ರತೆ ಕಮ್ಮಿ ಇದ್ದ, ಮೆನೋಪಾಸ್ ಆದ 101 ಹೆಂಗಸರು, ಸರಾಸರಿ ವಯಸ್ಸು 65. ಇಲ್ಲಿ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ್ರು. ಒಂದು ಗುಂಪು ವಾರಕ್ಕೆ ಎರಡು ದಿನ, ದಿನಕ್ಕೆ ಅರ್ಧ ಗಂಟೆ, 8 ತಿಂಗಳು ನೆಲದಿಂದ ಭಾರ ಎತ್ತಿ ನಿಲ್ಲೋ ಡೆಡ್‌ಲಿಫ್ಟ್, ಭಾರ ಹೊತ್ತು ಕುಕ್ಕರುಗಾಲಲ್ಲಿ ಕೂತು ಏಳೋ ಸ್ಕ್ವಾಟ್, ತಲೆ ಮೇಲೆ ಭಾರ ಎತ್ತೋದು, ಜೊತೆಗೆ ಕಂಬಿ ಹಿಡಿದು ಜಿಗಿದು ನೆಲಕ್ಕೆ ಇಳಿಯೋದು ಮಾಡ್ತು. ಒಂದೇ ಸಲಕ್ಕೆ ಎತ್ತೋಕಾಗೋ ಗರಿಷ್ಠ ಭಾರದ 85 ಪರ್ಸೆಂಟ್‌ಗಿಂತ ಜಾಸ್ತಿ ಭಾರ, ಐದೈದು ಸಲ, ಐದು ಸೆಟ್. ಇನ್ನೊಂದು ಗುಂಪು ಮನೇಲಿ ಹಗುರ ವ್ಯಾಯಾಮ. ಕೊನೆಗೆ ಭಾರ ಎತ್ತಿದೋರ ಬೆನ್ನುಮೂಳೆ ಸಾಂದ್ರತೆ ಸುಮಾರು 2.9 ಪರ್ಸೆಂಟ್ ಏರಿತ್ತು, ಹಗುರ ಗುಂಪಿನದು 1.2 ಪರ್ಸೆಂಟ್ ಇಳಿದಿತ್ತು. ಬೆನ್ನುಮೂಳೆ ಮುರಿಯೋ ಬದಲು ಗಟ್ಟಿ ಆಯ್ತು.

ಅವರ ವಾದ ಇಷ್ಟು. ಮೂಳೆ ಅಭ್ಯಾಸ ಆಗಿರೋ ಭಾರಕ್ಕೆ ಸ್ಪಂದಿಸಲ್ಲ, ದಿನಾ ನಡೆಯೋ ಕಾಲಿಗೆ ನಡಿಗೆ ಹೊಸದೇನಲ್ಲ, ಅದಕ್ಕೇ ವಾಕಿಂಗ್ ಹೃದಯಕ್ಕೆ ಒಳ್ಳೇದಾದ್ರೂ ಬೆನ್ನುಮೂಳೆಗೆ ಅದ್ರಿಂದ ಸಿಗೋದು ತೀರಾ ಕಮ್ಮಿ. ಎರಡನೇದು, ಬಗ್ಗಬೇಡಿ ಎತ್ತಬೇಡಿ ಅಂತ ಹೆದರಿಸಿದ್ರೆ ಜನ ಎಲ್ಲಾ ಚಲನೆನೂ ಬಿಟ್ಬಿಡ್ತಾರೆ, ಬೆನ್ನಿನ ಸ್ನಾಯು ಸೊರಗುತ್ತೆ, ಗೂನು ಇನ್ನೂ ಬೇಗ ಬರುತ್ತೆ, ಕಾಲಿನ ಶಕ್ತಿ ಹೋಗಿ ಬೀಳ್ತಾರೆ. ಬ್ರಿಟನ್ನಿನ ತಜ್ಞರ ಒಮ್ಮತದ ಸಲಹೆನೂ ಇದೇ ದಾರಿಯಲ್ಲಿದೆ, ಬೇಡ ಬೇಡ ಅನ್ನೋ ಪಟ್ಟಿ ಕೊಡೋ ಬದಲು ಹೇಗೆ ಮಾಡ್ಬೇಕು ಅಂತ ಕಲಿಸಿ ಅಂತ.

ರೀಲ್ಸಲ್ಲಿ ಕಾಣದೇ ಇರೋದು ಏನಂದ್ರೆ, ಲಿಫ್ಟ್‌ಮೋರ್‌ನಲ್ಲಿ ಪ್ರತಿ ಸೆಷನ್ನೂ ತರಬೇತಿ ಇದ್ದೋರು ಪಕ್ಕದಲ್ಲೇ ನಿಂತು ನೋಡ್ತಿದ್ರು, ಮೊದಲ ತಿಂಗಳು ಬರೀ ದೇಹದ ತೂಕ ಮತ್ತೆ ಹಗುರ ಭಾರದಲ್ಲಿ ಭಂಗಿ ಕಲಿಸಿದ್ರು, ಇತ್ತೀಚೆಗೆ ಮುರಿತ ಆಗಿದ್ದೋರನ್ನ ಸೇರಿಸ್ಕೊಂಡೇ ಇರಲಿಲ್ಲ. ಡೆಡ್‌ಲಿಫ್ಟಲ್ಲಿ ಸರಿಯಾಗಿ ಮಾಡಿದ್ರೆ ಬೆನ್ನು ಬಾಗೋದೇ ಇಲ್ಲ. ಹಾಗಾಗಿ ಲಿಫ್ಟ್‌ಮೋರ್ 1984ರ ಎಚ್ಚರಿಕೆನ ಸುಳ್ಳು ಮಾಡ್ಲಿಲ್ಲ. ಒಬ್ಬರು ಬಾಗಿದ ಬೆನ್ನನ್ನ ಪರೀಕ್ಷೆ ಮಾಡಿದ್ರು, ಇನ್ನೊಬ್ರು ನೇರ ಬೆನ್ನನ್ನ. ನನ್ನ ಪ್ರಕಾರ ಈ ಇಡೀ ಜಗಳದಲ್ಲಿ ಯಾರೂ ಒತ್ತಿ ಹೇಳದ ಮಾತು ಇದೇ.

ಕೋಲು ಹಿಡಿದು ಬಗ್ಗೋದು ಕಲಿಯೋದು

ಹಾಗಿದ್ರೆ ಮೊದಲ ಪಾಠ ಭಾರ ಅಲ್ಲ, ಸೊಂಟದ ಕೀಲಿಂದ ಬಗ್ಗೋದು. ಮನೇಲಿರೋ ಮಾಪ್ ಕೋಲು ಸಾಕು. ಅದನ್ನ ಬೆನ್ನಿಗೆ ಉದ್ದಕ್ಕೆ ಹಿಡ್ಕೊಳ್ಳಿ, ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಸೊಂಟದ ಹಿಂದೆ. ಕೋಲು ಮೂರು ಕಡೆ ತಾಗಬೇಕು: ತಲೆಯ ಹಿಂಭಾಗ, ಭುಜದ ಎಲುಬುಗಳ ಮಧ್ಯ, ಬಾಲಮೂಳೆ. ಗೂನು ಆಗ್ಲೇ ಬಂದಿರೋರಿಗೆ ತಲೆ ತಾಗಲ್ಲ, ಬಲವಂತ ಮಾಡ್ಬೇಡಿ, ಉಳಿದ ಎರಡು ತಾಗಿದ್ರೆ ಸಾಕು. ಗೋಡೆಗೆ ಬೆನ್ನು ಮಾಡಿ ಒಂದು ಗೇಣು ದೂರ ನಿಂತು, ಮಂಡಿ ಸ್ವಲ್ಪ ಸಡಿಲ ಬಿಟ್ಟು, ಕುಂಡಿನ ಹಿಂದಕ್ಕೆ ತಳ್ಳಿ ಗೋಡೆಗೆ ತಾಗ್ಸಿ, ತಾನಾಗೇ ಎದೆ ಮುಂದೆ ವಾಲುತ್ತೆ. ಕೋಲು ಮೂರು ಜಾಗದಲ್ಲಿ ಒಂದು ಕಡೆ ಬಿಟ್ಟಿತು ಅಂದ್ರೆ ಬೆನ್ನು ಬಾಗಿತು ಅಂತ ಅರ್ಥ, ಅಲ್ಲಿಗೇ ನಿಲ್ಲಿಸಿ ಮೇಲೆ ಬನ್ನಿ. ತೊಡೆಯ ಹಿಂಭಾಗ ಎಳೆದಂಗೆ ಆಗ್ಬೇಕು, ಬೆನ್ನು ಎಳೆದಂಗೆ ಆಗ್ತಿದ್ರೆ ಮಾಡ್ತಿರೋದು ತಪ್ಪು.

ಬಸವನಗುಡಿಯವರಿಗೆ ಹಳೇ ಮುರಿತ ಇರೋದ್ರಿಂದ ಒಳ್ಳೇ ಫಿಸಿಯೊಥೆರಪಿಸ್ಟ್ ಮೊದಲ ತಿಂಗಳು ಇದನ್ನೇ ಮಾಡಿಸ್ತಾರೆ, ದಿನಕ್ಕೆ ಹತ್ತು ಸಲ. ಜೊತೆಗೆ ವಾರಕ್ಕೆ ಎರಡು ಮೂರು ದಿನ ಕೈ ಊರದೆ ಕುರ್ಚಿಯಿಂದ ಎದ್ದು ಕೂರೋದು ಎಂಟೆಂಟು ಸಲ ಎರಡು ಸೆಟ್, ಗೋಡೆಗೆ ಕೈಕೊಟ್ಟು ಪುಷ್-ಅಪ್, ಕಿಚನ್ ಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸೋದು. ಬೆನ್ನಿಗೆ ಅಂತಾನೇ ಮಾಡೋದು, ಹೊಟ್ಟೆ ಕೆಳಗೆ ದಿಂಬು ಇಟ್ಟು ಬೋರಲು ಮಲಗಿ, ಕೈ ಪಕ್ಕದಲ್ಲಿಟ್ಟು, ಗದ್ದ ಒಳಕ್ಕೆ ಎಳ್ಕೊಂಡು ಎದೆನ ನೆಲದಿಂದ ಎರಡು ಮೂರು ಇಂಚು ಎತ್ತಿ ಐದು ಎಣಿಸಿ ಇಳಿಸೋದು. ಬೋರಲು ಮಲಗೋಕಾಗದೋರು ಅಂಗಾತ ಮಲಗಿ ತಲೆ ಕೆಳಗೆ ದಿಂಬಿಟ್ಟು ಭುಜಗಳನ್ನ ಹಾಸಿಗೆಗೆ ಒತ್ತಿದ್ರೂ ಅದೇ ಸ್ನಾಯು ಕೆಲಸ ಮಾಡುತ್ತೆ.

ಎರಡನೇ ತಿಂಗಳಿಂದ ಭಾರ. ಅಕ್ಕಿ ತುಂಬಿದ 4 ಕೆಜಿ ಚೀಲನ ನೆಲದ ಮೇಲಲ್ಲ, ಮಂಡಿ ಎತ್ತರದ ಸ್ಟೂಲ್ ಮೇಲಿಟ್ಟು, ಸ್ಟೂಲಿಗೆ ಪಾದ ಅಂಟಿದಂಗೆ ನಿಂತು, ಸೊಂಟದಿಂದ ಬಗ್ಗಿ, ಚೀಲನ ತೊಡೆಗೆ ಸವರ್ಕೊಂಡೇ ಮೇಲೆತ್ತೋದು. ನೆಲದಿಂದ ಯಾಕಲ್ಲ ಅಂದ್ರೆ ಕೊನೆಯ ಆ ಒಂದು ಅಡಿ ಇಳಿಯೋವಾಗಲೇ ಹೆಚ್ಚಿನೋರ ಬೆನ್ನು ಗುಂಡಗಾಗೋದು. ಕಿಟಕಿ ಸರಳಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಮೊಣಕೈ ಹಿಂದಕ್ಕೆ ಎಳೆಯೋದೂ ಸೇರಿಸ್ಬೋದು. ಎಷ್ಟು ಭಾರ ಅನ್ನೋದಕ್ಕೆ ಅಳತೆ ಸುಲಭ: ಎಂಟರಿಂದ ಹನ್ನೆರಡು ಸಲ ಮಾಡೋದ್ರಲ್ಲಿ ಕೊನೆಯ ಎರಡು ಕಷ್ಟ ಅನ್ನಿಸ್ಬೇಕು, ಆದ್ರೆ ಬೆನ್ನಿನ ಆಕಾರ ಕೆಡಬಾರದು. ಹನ್ನೆರಡು ಆರಾಮಾಗಿ ಆಗ್ತಿದ್ರೆ ಒಂದು ಕೆಜಿ ಏರಿಸಿ. ಆಕಾರ ಕೆಟ್ರೆ ಭಾರ ಜಾಸ್ತಿ ಆಯ್ತು ಅಂತಾನೇ. ಉಸಿರು ಕಟ್ಟಬೇಡಿ, ಎತ್ತೋವಾಗ ಬಿಡಿ. 85 ಪರ್ಸೆಂಟ್ ಭಾರ, ಜಿಗಿತ ಇವೆಲ್ಲ ಮುರಿತ ಇರೋ ಬೆನ್ನಿಗೆ ಮನೇಲಿ ಒಬ್ರೇ ಮಾಡೋ ವಿಷಯ ಅಲ್ಲವೇ ಅಲ್ಲ.

ವ್ಯಾಯಾಮದ ಹೊರಗಿನ ಇಪ್ಪತ್ಮೂರೂವರೆ ಗಂಟೆ

ಅರ್ಧ ಗಂಟೆ ನೇರ ಬೆನ್ನಲ್ಲಿ ವ್ಯಾಯಾಮ ಮಾಡಿ ಉಳಿದ ದಿನ ಪೂರ್ತಿ ಬಾಗ್ತಾ ಇದ್ರೆ ಏನು ಬಂತು. ನಮ್ಮ ಮನೆಗಳಲ್ಲಿ ಬಾಗೋ ಕೆಲಸ ತುಂಬಾ ಇದೆ. ಗಿಡ್ಡ ಪೊರಕೆ, ಬಾಗಿಲ ಮುಂದೆ ಮಂಡಿ ಮಡಿಸದೆ ಬಗ್ಗಿ ಹಾಕೋ ರಂಗೋಲಿ, ನೆಲ ಒರೆಸೋ ಬಟ್ಟೆ, ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ನಿಂದ ಬಟ್ಟೆ ತೆಗೆಯೋದು. ಪೊರಕೆಗೂ ಮಾಪ್‌ಗೂ ಉದ್ದ ಹಿಡಿಯಿದ್ರೆ ಅರ್ಧ ಸಮಸ್ಯೆ ಅಲ್ಲೇ ಮುಗೀತು. ರಂಗೋಲಿಗೆ ಒಂದು ಮಂಡಿ ದಿಂಬಿನ ಮೇಲೆ ಊರಿ, ಇನ್ನೊಂದು ಕಾಲು ಮುಂದಿಟ್ಟು, ಎಡಗೈನ ಆ ತೊಡೆ ಮೇಲೆ ಕೊಟ್ಟು ಹಾಕ್ಬೋದು. ವಾಷಿಂಗ್ ಮೆಷಿನ್ ಮುಂದೆನೂ ಹಾಗೇ ಮಂಡಿ ಊರಿ. ದೇವರ ಮುಂದೆ, ಹಿರಿಯರ ಮುಂದೆ ಮಂಡಿ ಊರಿ ಹಣೆ ನೆಲಕ್ಕೆ ಮುಟ್ಟಿಸೋ ನಮಸ್ಕಾರದಲ್ಲಿ ಬೆನ್ನು ಪೂರ್ತಿ ಗುಂಡಗಾಗುತ್ತೆ, ನಿಂತೇ ಕೈಮುಗಿದ್ರೆ ಯಾರೂ ತಪ್ಪು ತಿಳ್ಕೊಳ್ಳಲ್ಲ.

ತುಂಬಿದ ಗ್ಯಾಸ್ ಸಿಲಿಂಡರ್ 30 ಕೆಜಿ ಹತ್ರ ಇರುತ್ತೆ, ನೀರಿನ ಕ್ಯಾನ್ 20 ಕೆಜಿ, ಇವೆರಡನ್ನ ತಂದುಕೊಡೋ ಹುಡುಗನ ಕೈಲೇ ಜಾಗಕ್ಕೆ ಇಡಿಸ್ಕೊಳ್ಳಿ. ಬಿಎಂಟಿಸಿ ಬಸ್ಸಲ್ಲಿ ಹಿಂದಿನ ಚಕ್ರದ ಮೇಲಿನ ಸೀಟು, ಕೊನೇ ಸೀಟು ಬೇಡ, ಹಂಪ್ ಹಾರಿದಾಗ ಕೂತಿರೋ ಬೆನ್ನಿಗೆ ನೇರ ಏಟು ಬೀಳೋದು ಅಲ್ಲೇ ಜಾಸ್ತಿ. ಕೆಮ್ಮು ಸೀನು ಬಂದಾಗ ಮುಂದಕ್ಕೆ ಮುದುಡ್ಕೊಳ್ಳೋ ಬದಲು ಒಂದು ಕೈ ಸೊಂಟದ ಹಿಂದೆ ಕೊಟ್ಟು ಬೆನ್ನು ನೇರ ಇಡಿ.

ಯೋಗ ಮಾಡೋರು ಬಿಡಬೇಕಾಗಿಲ್ಲ, ಆರಿಸ್ಕೋಬೇಕು. ಪಶ್ಚಿಮೋತ್ತಾನಾಸನ, ಪಾದಹಸ್ತಾಸನ, ಹಲಾಸನ, ಸರ್ವಾಂಗಾಸನ, ಶಶಾಂಕಾಸನ, ಜೋರಾಗಿ ತಿರುಚೋ ಅರ್ಧ ಮತ್ಸ್ಯೇಂದ್ರಾಸನ ಪಕ್ಕಕ್ಕಿಡಿ. ಸೂರ್ಯನಮಸ್ಕಾರದಲ್ಲೂ ಪಾದಹಸ್ತಾಸನದ ಹಂತ ಎರಡು ಸಲ ಬರುತ್ತೆ ಅನ್ನೋದು ನೆನಪಿರಲಿ. ತಾಡಾಸನ, ಉತ್ಕಟಾಸನ, ವೀರಭದ್ರಾಸನ, ಗೋಡೆ ಪಕ್ಕ ನಿಂತು ವೃಕ್ಷಾಸನ, ಜಾಸ್ತಿ ಎತ್ತದ ಭುಜಂಗಾಸನ, ಇವೆಲ್ಲ ಮೂಳೆ ಸವೆದೋರಿಗೆ ಕೆಲಸಕ್ಕೆ ಬರೋವೇ. ಕ್ಲಾಸಿಗೆ ಸೇರಿದ ಮೊದಲ ದಿನಾನೇ ಟೀಚರ್‌ಗೆ ರಿಪೋರ್ಟ್ ವಿಷಯ ಹೇಳಿ, ಬಗ್ಗಿದಾಗ ಬೆನ್ನ ಮೇಲೆ ಕೈಯಿಟ್ಟು ಒತ್ತೋ ಅಭ್ಯಾಸ ಕೆಲವರಿಗಿರುತ್ತೆ, ಅದನ್ನ ಮಾಡಿಸ್ಕೊಳ್ಳಲೇಬೇಡಿ.

ಏನಾದ್ರೂ ಆದ್ರೆ ಗೊತ್ತಾಗೋದು ಹೇಗೆ

ವ್ಯಾಯಾಮದ ಮಾರನೇ ದಿನ ಎರಡೂ ಕಡೆ ಸ್ನಾಯು ಹಿಡಿದ ಥರ ನೋವು, ಎರಡು ದಿನದಲ್ಲಿ ಇಳಿದ್ರೆ ಅದು ಸಹಜ. ಮುರಿತದ ನೋವು ಬೇರೆ ಥರ: ಬಗ್ಗಿದಾಗಲೋ ಎತ್ತಿದಾಗಲೋ ಸೀನಿದಾಗಲೋ ತಟ್ಟನೆ ಬರುತ್ತೆ, ಬೆನ್ನಿನ ನಡುಗೆರೆಯಲ್ಲಿ ಒಂದೇ ಜಾಗದಲ್ಲಿರುತ್ತೆ, ಅಲ್ಲಿ ಬೆರಳಲ್ಲಿ ಮೆಲ್ಲಗೆ ತಟ್ಟಿದ್ರೂ ನೋಯುತ್ತೆ, ನಿಂತ್ರೆ ಜಾಸ್ತಿ, ಮಲಗಿದ್ರೆ ಕಮ್ಮಿ, ಕೆಲವರಿಗೆ ಪಕ್ಕೆಗೆ ಪಟ್ಟಿ ಕಟ್ಟಿದಂಗೆ ಸುತ್ತುತ್ತೆ. ಹೀಗಾದ್ರೆ ವ್ಯಾಯಾಮ ನಿಲ್ಲಿಸಿ ಎಕ್ಸ್‌ರೇ ತೆಗೆಸಿ, ಉಜ್ಜಿಸೋಕೆ ಹೋಗ್ಬೇಡಿ. ಕಾಲಲ್ಲಿ ಶಕ್ತಿ ಹೋದ್ರೆ, ಜೋಮು ಹಿಡಿದ್ರೆ, ಮೂತ್ರ ಮಲದ ಹಿಡಿತ ತಪ್ಪಿದ್ರೆ ಅದು ಅವತ್ತೇ, ಆ ಗಂಟೆಯಲ್ಲೇ ಆಸ್ಪತ್ರೆಗೆ ಹೋಗೋ ವಿಷಯ.

ಔಷಧಿ ಬಿಟ್ಟು ಬರೀ ವ್ಯಾಯಾಮ ಸಾಕಾ?

ಮುಂದೆ ಆಗೋ ಪರಿಣಾಮ ಯೋಚಿಸಿದ್ರೆ ನನಗೆ ಜಾಸ್ತಿ ಚಿಂತೆ ಇರೋದು ಇಲ್ಲೇ. ಭಾರ ಎತ್ತಿದ್ರೆ ಮೂಳೆ ಬೆಳೆಯುತ್ತೆ ಅನ್ನೋ ಸುದ್ದಿ ಓದಿ, ಇಂಜೆಕ್ಷನ್ ಮಾತ್ರೆ ಯಾಕೆ ಅಂತ ಕೆಲವರು ಬಿಟ್ಬಿಡ್ತಾರೆ. ಒಳ್ಳೇ ಮೇಲ್ವಿಚಾರಣೆಯ ವ್ಯಾಯಾಮದಿಂದ ಸಾಂದ್ರತೆ ಏರೋದು ಒಂದರಿಂದ ಮೂರು ಪರ್ಸೆಂಟ್. ವರ್ಷಕ್ಕೊಂದು ಸಲ ಡ್ರಿಪ್ಪಲ್ಲಿ ಹಾಕೋ ಜೊಲೆಡ್ರೊನಿಕ್ ಆಸಿಡ್ ಮೂರು ವರ್ಷದಲ್ಲಿ ಬೆನ್ನುಮೂಳೆ ಮುರಿತನ ಸುಮಾರು 70 ಪರ್ಸೆಂಟ್ ಕಮ್ಮಿ ಮಾಡಿದ್ದು ದೊಡ್ಡ ಪ್ರಯೋಗದಲ್ಲಿ ಕಂಡಿದೆ. ಬಸವನಗುಡಿಯವರಂಥ, ಆಗ್ಲೇ ಒಂದು ಮೂಳೆ ಕುಸಿದೋರಿಗೆ ಔಷಧಿ ಬೇಡ ಅನ್ನೋಕೆ ವ್ಯಾಯಾಮ ಕಾರಣ ಆಗಬಾರದು. ಆರು ತಿಂಗಳಿಗೊಂದು ಸಲ ಚುಚ್ಚೋ ಡೆನೊಸುಮ್ಯಾಬ್ ತಗೊಳ್ಳೋರಂತೂ ಡಾಕ್ಟರ್ ಕೇಳ್ದೆ ನಿಲ್ಲಿಸೋದಾಗ್ಲಿ ತಡ ಮಾಡೋದಾಗ್ಲಿ ಕೂಡದು, ನಿಲ್ಲಿಸಿದ ಮೇಲೆ ಒಟ್ಟೊಟ್ಟಿಗೆ ಹಲವು ಬೆನ್ನುಮೂಳೆ ಮುರಿದಿರೋ ಉದಾಹರಣೆಗಳಿವೆ.

ಹಾಗಾದ್ರೆ ವ್ಯಾಯಾಮ ಕೊಡೋದು ಏನು? ಔಷಧಿ ಕೊಡೋಕಾಗದ್ದನ್ನ. ಕಾಲಿನ ಶಕ್ತಿ, ಬೀಳದಂಗೆ ಇರೋ ಬ್ಯಾಲೆನ್ಸ್, ಬೆನ್ನನ್ನ ನೇರ ಹಿಡಿಯೋ ಸ್ನಾಯು. ಇದೇ ಕಾರಣಕ್ಕೆ ಫಲಿತಾಂಶನ ಡೆಕ್ಸಾದಲ್ಲಿ ಹುಡುಕೋದೂ ತಪ್ಪು. ಮೆಷಿನ್ನಲ್ಲೂ ಮಲಗಿಸೋ ರೀತಿಯಲ್ಲೂ ಸಣ್ಣ ವ್ಯತ್ಯಾಸ ಇದ್ದೇ ಇರುತ್ತೆ, ಒಂದೆರಡು ಪರ್ಸೆಂಟ್ ಏರಿತು ಇಳೀತು ಅಂದ್ರೆ ಅದು ಮೂಳೆಯ ಬದಲಾವಣೆನಾ ಅಳತೆಯ ವ್ಯತ್ಯಾಸನಾ ಅಂತ ಹೇಳೋಕಾಗಲ್ಲ, ಅದಕ್ಕೇ ಒಂದೆರಡು ವರ್ಷ ಬಿಟ್ಟು ಅದೇ ಸೆಂಟರಲ್ಲಿ ಅದೇ ಮೆಷಿನ್ನಲ್ಲಿ ಮಾಡಿಸಿ ಅನ್ನೋದು.

ಅಲ್ಲಿವರೆಗೆ ಮನೇಲೇ ಎರಡು ಲೆಕ್ಕ ಬರೆದಿಟ್ರೆ ಸಾಕು. ತಿಂಗಳಿಗೊಮ್ಮೆ, ಕೈ ಎದೆ ಮೇಲೆ ಕಟ್ಕೊಂಡು ಅದೇ ಕುರ್ಚಿಯಿಂದ ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರೋಕಾಯ್ತು ಅನ್ನೋದು. ಆರು ತಿಂಗಳಿಗೊಮ್ಮೆ, ಬೆಳಿಗ್ಗೆ ಎದ್ದ ಮೇಲೆ ಬರಿಗಾಲಲ್ಲಿ ಬಾಗಿಲ ಚೌಕಟ್ಟಿಗೆ ಹಿಮ್ಮಡಿ ತಾಗಿಸಿ ನಿಂತು, ತಲೆ ಮೇಲೆ ಚಪ್ಪಟೆ ಪುಸ್ತಕ ಇಟ್ಟು ಬೇರೆಯವರ ಕೈಲಿ ಪೆನ್ಸಿಲ್ ಗುರುತು ಹಾಕಿಸೋದು. ಹೊಸ ಗುರುತು ಹಳೇದಕ್ಕಿಂತ 2 ಸೆಂಟಿಮೀಟರ್ ಕೆಳಗೆ ಬಂದ್ರೆ ನೋವು ಇರಲಿ ಬಿಡಲಿ, ಬೆನ್ನಿನ ಎಕ್ಸ್‌ರೇ ಮತ್ತೊಮ್ಮೆ ಆಗ್ಬೇಕು.